ಹೆಸರು ಕಳೆದುಕೊಂಡು ಬಂದ ಅವ್ವ

ಆ ಫೋಟೊದಲ್ಲಿ ಅವ್ವ ನಗುತ್ತಿದ್ದಳೋ ಇಲ್ಲವೋ ನನಗೆ ಖಾತ್ರಿಯಿಲ್ಲ. ನಗುತ್ತಿದ್ದಳೆಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ತೊಡೆಯ ಮೇಲೆ ಬೀಡಿಯ ಮೊರ ಇಟ್ಟುಕೊಂಡು ಕೂತಿದ್ದವಳು ನಾನು ಕ್ಯಾಮೆರಾ ಎತ್ತಿದೊಡನೆ ನಾಚಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನ್ನ ನೆನಪು ಇಷ್ಟು. ಅವತ್ತು ಅಲ್ಲೇ ಇದ್ದ ಅಕ್ಕ ಬೇರೆಯೇ ಹೇಳುತ್ತಾಳೆ. ಅವ್ವನಿಗೆ ಕೆಮ್ಮು ಬಂದಿತ್ತಂತೆ. ವಖಾರಿಯಲ್ಲಿ, ಎಂದರೆ ತಂಬಾಕಿನ ಗೋದಾಮಿನಲ್ಲಿ, ಅರ್ಧ ಆಯುಷ್ಯ ದುಡಿದವಳು, ಆಮೇಲೆ ಮನೆಯಲ್ಲಿ ಬೀಡಿ ಕಟ್ಟಿದವಳು. ಬಾಯಿಗೆ ಕೈ ಹೋಗುತ್ತಿದ್ದುದು ನಗುವಿಗಿಂತ ಕೆಮ್ಮಿಗೇ ಹೆಚ್ಚು. ಅಕ್ಕನ ಮಾತು ನಿಜವಿರಬಹುದು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡುವಾಗ ನಮಗೆ ಕಲಿಸಿದ್ದೇ ಅದು: ಒಬ್ಬನೇ ಸಾಕ್ಷಿ ಸಾಕಾಗುವುದಿಲ್ಲ, ಆ ಸಾಕ್ಷಿಗೆ ಪ್ರೀತಿಯಿದ್ದರಂತೂ ಇನ್ನೂ ಹುಷಾರಾಗಿರಬೇಕು.

ಹಾಗಾಗಿ ನನಗೆ ಆ ಫೋಟೊ ಬೇಕಿತ್ತು. ಅದು ಇದ್ದಿದ್ದರೆ ಜಗಳವೇ ಇರುತ್ತಿರಲಿಲ್ಲ.

ಎರಡು ಸಾವಿರದ ಆ ಮೊದಲ ದಶಕದಲ್ಲಿ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಸಂಬಳ ಬಂದ ತಿಂಗಳು ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡೆ. ಭಾನುವಾರ ನಿಪ್ಪಾಣಿಗೆ ಹೋದಾಗಲೆಲ್ಲ ಅವ್ವನ ಫೋಟೊ ತೆಗೆಯುತ್ತಿದ್ದೆ. ಅವಳಿಗೆ ಅದು ಸೇರುತ್ತಿರಲಿಲ್ಲ. ಮದುವೆಯಾದವರು, ಸತ್ತವರು ಫೋಟೊ ತೆಗೆಸಿಕೊಳ್ಳಬೇಕು, ರೊಟ್ಟಿ ಬಡಿಯುವವಳದ್ದು ಏನು ತೆಗೆಯುವುದು ಎನ್ನುತ್ತಿದ್ದಳು. ಕಾರ್ಡು ತುಂಬಿದಾಗ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ, ಪ್ರತಿ ಫೋಟೊಗೂ ಕೂತು ಹೆಸರು ಬರೆಯುತ್ತಿದ್ದೆ. ಅವ್ವ ಮೊರ, ಅವ್ವ ರೊಟ್ಟಿ, ಅವ್ವ ಅಕ್ಕನ ಜೋಡಿ ಜಗಳ. ಹೆಸರಿಟ್ಟರೆ ಕಳೆಯುವುದಿಲ್ಲ ಎಂಬ ನಂಬಿಕೆ. ಇನ್ನೊಂದು ಪ್ರತಿ ಮಾಡಿಡಬೇಕೆಂಬುದು ತಲೆಗೆ ಬಂದಿತ್ತು, ಮಾಡಿರಲಿಲ್ಲ.

ತಾನು ಬಳಸಿದ್ದ ಆ ಡಿಸ್ಕನ್ನು ನನಗೆ ಮಾರಿದವನು ನನ್ನ ಗೆಳೆಯ. ನಿಪ್ಪಾಣಿಯ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನವರು ನಾವು. ಅವನು ಕಾಲೇಜು ಅರ್ಧಕ್ಕೆ ಬಿಟ್ಟು ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೊ ಸ್ಟುಡಿಯೊ ಹಾಕಿದ್ದ. ರಾಯಬಾಗ, ಅಥಣಿ, ಕಾಗವಾಡದ ಕಡೆಯ ಮದುವೆಗಳ ವಿಡಿಯೊ ಅವನ ಹೊಟ್ಟೆಪಾಡು. ಹುಡುಗನಾಗಿದ್ದಾಗ ಶಾಲೆ ಬಿಟ್ಟ ಮೇಲೆ ತನ್ನ ಮನೆಗೆ ಹೋಗುವ ಮೊದಲು ನಮ್ಮ ಮನೆಗೆ ಬರುತ್ತಿದ್ದ. ಅವ್ವ ಅವನಿಗೂ ನನಗೂ ಒಂದೇ ತಾಟಿನಲ್ಲಿ ರೊಟ್ಟಿ, ಝುಣಕ ಹಾಕುತ್ತಿದ್ದಳು. ಅವನ ಪಾಲಿಗೆ ದೊಡ್ಡ ತುಂಡು ಬೀಳುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಇದನ್ನೂ ನಾನು ಪ್ರಮಾಣ ಮಾಡಿ ಹೇಳಲಾರೆ.

ಅವ್ವ ಚಳಿಗಾಲ ಮುಗಿಯುವಾಗ ತೀರಿಕೊಂಡಳು. ಮಣ್ಣಿಗೆ ಬಂದವನು ಅವನೇ ನನ್ನ ಹೆಗಲ ಮೇಲೆ ಕೈಯಿಟ್ಟು, ಗೋಡೆಗೆ ಹಾಕಲು ಅವ್ವನ ಒಂದು ದೊಡ್ಡ ಫೋಟೊ ತಾನೇ ಮಾಡಿಕೊಡುತ್ತೇನೆ ಎಂದ. ಒಂದು ಫೋಟೊ ಪೆನ್‌ಡ್ರೈವಿನಲ್ಲಿ ತರುತ್ತೇನೆ ಎಂದೆ. ಬೇಡ, ಡಿಸ್ಕನ್ನೇ ಕೊಡು, ಎಲ್ಲ ನೋಡಿ ಚಲೋದು ಆರಿಸುತ್ತೇನೆ ಎಂದ. ಕೊಟ್ಟೆ. ಕಾರ್ಯ ಮುಗಿದ ವಾರದಲ್ಲಿ ಎಂದು ನೆನಪು.

ಆಮೇಲೆ ಲಗ್ನದ ಸುಗ್ಗಿ ಬಂತು. ಕೇಳಿದಾಗಲೆಲ್ಲ ನಾಳೆ ಎಂದ. ಬೇಸಿಗೆ ಕಳೆದ ಮೇಲೆ ಒಂದು ದಿನ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗಿಟ್ಟ. ಕರೆಂಟು ಹೋಗಿ ಬಂದು ಮಾಡಿತು, ಡಿಸ್ಕು ತಾನಾಗಿ ಖಾಲಿಯಾಯಿತು, ನಾನು ಕೈ ಸಹ ಹಚ್ಚಿಲ್ಲ ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನೇ ಅವನಿಗೆ ಸಮಾಧಾನ ಹೇಳಿದೆ.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮೇಡಮ್ ಒಬ್ಬರಿದ್ದರು, ಕಾಗವಾಡದ ಕಡೆಯವರು. ಕನ್ನಡ, ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಿ ಮಾತಾಡುತ್ತಿದ್ದರು. ತಮ್ಮ ಜಾಣತನದ ಬಗ್ಗೆ ಅವರಿಗೆ ಸಂಕೋಚವಿರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಡಿಸ್ಕನ್ನು ಸಿಕ್ಕಿಸಿ ನೋಡಿದರು. ಡಿಸ್ಕು ಗಟ್ಟಿಯಾಗಿಯೇ ಇದೆ, ಸದ್ದಿಲ್ಲ, ಗೊರಗೊರವಿಲ್ಲ, ಒಳಗೆ ಮಾತ್ರ ಏನೂ ಇಲ್ಲ ಎಂದರು. ಮಾಮೂಲಿ ಹುಡುಕಾಟದಲ್ಲಿ ಏನೂ ಸಿಗಲಿಲ್ಲ.

“ಇನ್ನ ಡೀಪ್ ಸ್ಕ್ಯಾನ್ ಒಂದ ಉಳೀತ್ರಿ ಸರ್ರ. ಆದ್ರ ಹೆಸರು ಬರ್ತಾವ ಅಂತ ಆಸೆ ಇಟ್ಕೊಬ್ಯಾಡ್ರಿ.”

ಯಾಕೆ ಎಂದೆ. ಎರಡು ವರ್ಷ ಕೂತು ಹೆಸರು ಬರೆದವನು ನಾನು.

“ಹೆಸರು ಫೋಟೊದೊಳಗ ಇರೂದಿಲ್ರಿ. ಅದು ಡಿಸ್ಕಿನ ಸೂಚಿಯೊಳಗ ಇರ್ತೈತಿ. ಸೂಚಿ ಹೋತಂದ್ರ ಹೆಸರೂ ಹೋತು, ಯಾವ ಫೋಲ್ಡರ್‌ನಾಗ ಇತ್ತು ಅನ್ನೂದೂ ಹೋತು. ಫೋಟೊ ಇನ್ನೂ ಅಲ್ಲೇ ಬಿದ್ದಿರ್ತೈತಿ, ತಾ ಯಾರು ಅಂತ ಅದಕ್ಕ ಗೊತ್ತಿಲ್ಲ.”

ನನಗೆ ತಿಳಿಯುವಂತೆ ಹೇಳಿ ಎಂದಾಗ ಅವರು ನಿಪ್ಪಾಣಿಯ ವಖಾರಿಯನ್ನೇ ಉದಾಹರಣೆಗೆ ತಂದರು. ಅದು ನನ್ನ ಅವ್ವನ ವಖಾರಿ ಎಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬ ರೈತನ ತಂಬಾಕಿನ ಚೀಲಗಳು ಬರುತ್ತವೆ. ಹಮಾಲರು ಜಾಗ ಇದ್ದಲ್ಲಿ ಇಡುತ್ತಾರೆ. ಒಂದೇ ಕಡೆ ಜಾಗ ಸಾಲದಿದ್ದರೆ ಕೆಲವು ಇಲ್ಲಿ, ಕೆಲವು ಆ ಮೂಲೆಯಲ್ಲಿ. ಯಾರ ಚೀಲ ಎಲ್ಲೆಲ್ಲಿವೆ ಎಂದು ಬಲ್ಲವನು ಗುಮಾಸ್ತ ಒಬ್ಬನೇ. ಅವನು ಹೋಗಿಬಿಟ್ಟ. ಈಗ ಹೊಸಬನೊಬ್ಬ ಒಳಗೆ ಹೋಗಿ ಒಂದು ತುದಿಯಿಂದ ಒಂದೊಂದೇ ಚೀಲ ನೋಡುತ್ತ ಬರುತ್ತಾನೆ. ಪ್ರತಿ ರೈತನ ಮೊದಲ ಚೀಲದ ಮೇಲೆ ‘ಇಲ್ಲಿಂದ ಶುರು’, ಕೊನೆಯದರ ಮೇಲೆ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತಷ್ಟೇ ಇದೆ, ರೈತನ ಹೆಸರಿಲ್ಲ. ಆ ಗುರುತು ಕಂಡಲ್ಲಿಂದ ಪಕ್ಕದ, ಅದರ ಪಕ್ಕದ ಚೀಲಗಳನ್ನೆಲ್ಲ ಅದೇ ರೈತನವು ಎಂದುಕೊಂಡು ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಕಾಣುವವರೆಗೆ ಎಳೆದುಕೊಳ್ಳುತ್ತಾನೆ. ಚೀಲಗಳು ಸಾಲಾಗಿ ಇದ್ದಿದ್ದರೆ ಸರಿ. ನಡುವೆ ಬೇರೆಯವನ ಚೀಲ ಬಂದಿದ್ದರೆ ಅದೂ ಇವನ ರಾಶಿಗೇ ಸೇರುತ್ತದೆ. ಇವನ ಉಳಿದ ಚೀಲಗಳು ದೂರದ ಮೂಲೆಯಲ್ಲೇ ಉಳಿಯುತ್ತವೆ. ಯಾರವು ಎಂಬ ಗುರುತು ಅವುಗಳ ಮೇಲೆ ಇಲ್ಲವಲ್ಲ.

ಫೋಟೊದ ಕಡತಗಳೂ ಹಾಗೇ ಅಂತೆ. ಮೊದಲ ಕೆಲವು ಅಕ್ಷರಗಳು ಎಲ್ಲಕ್ಕೂ ಒಂದೇ. ಅವನ್ನು ಹುಡುಕಿ, ಅಲ್ಲಿಂದ ಮುಂದಿನದನ್ನು ಕೆತ್ತಿ ತೆಗೆಯುವುದಕ್ಕೆ ಕಾರ್ವಿಂಗ್ ಎನ್ನುತ್ತಾರೆ. ಸಿಕ್ಕಿದ ತುಂಡನ್ನು ಏನಾದರೂ ಎಂದು ಕರೆಯಬೇಕಲ್ಲ, ಡಿಸ್ಕಿನ ಎಷ್ಟನೆಯ ಖಾನೆಯಲ್ಲಿ ಸಿಕ್ಕಿತೋ ಆ ಅಂಕಿಯನ್ನೇ ತಂತ್ರಾಂಶ ಅದರ ಹೆಸರಾಗಿ ಇಡುತ್ತದೆ. ಸಿಕ್ಕಿದ್ದನ್ನು ಇದೇ ಡಿಸ್ಕಿಗೆ ಹಾಕಿದರೆ ಉಳಿದದ್ದೂ ಅಳಿಯುತ್ತದೆ ಎಂದು ಅವರು ಬೇರೆ ಡಿಸ್ಕು ಹಚ್ಚಿ, ಸ್ಕ್ಯಾನ್ ಶುರು ಮಾಡಿ, ಲ್ಯಾಬಿಗೆ ಬೀಗ ಹಾಕಿಕೊಂಡು ಹೋದರು.

ಮರುದಿನ ಹೋಗಿ ನೋಡಿದರೆ ಪರದೆಯ ತುಂಬ ಎಫ್ ಅಕ್ಷರ, ಅದರ ಹಿಂದೆ ಉದ್ದನೆಯ ಅಂಕಿ, ಮತ್ತೆ ಎಫ್, ಮತ್ತೆ ಅಂಕಿ. ಎಲ್ಲದರ ತಾರೀಖೂ ಅವತ್ತಿನದೇ, ಸ್ಕ್ಯಾನ್ ಆದ ದಿನದ್ದು. ನನ್ನ ಅವ್ವ ಎಲ್ಲೂ ಇರಲಿಲ್ಲ. ಒಂದೊಂದನ್ನೇ ತೆರೆಯಬೇಕಿತ್ತು.

ತೆರೆಯುತ್ತ ಹೋದೆ. ಅಕ್ಕನ ಅರ್ಧ ಮುಖ. ಬರೀ ಬೂದು. ನಮ್ಮ ಮನೆಯ ಬಾಗಿಲು, ಪೂರ್ತಿ ಸರಿಯಾಗಿದ್ದದ್ದು. ಒಲೆಯ ಮುಂದೆ ಅವ್ವನ ಬೆನ್ನು, ಅದೂ ಸರಿಯಾಗಿದ್ದದ್ದು. ಆಮೇಲೆ ನಾನು ಎಂದೂ ನೋಡಿರದ ಜನ. ಅರಿಷಿಣ ಹಚ್ಚಿಸಿಕೊಳ್ಳುತ್ತಿರುವ ಹುಡುಗಿ. ಅಕ್ಷತೆ ಎಸೆಯುವ ಕೈಗಳು. ಕೇಸರಿ ಪೇಟದ ಮುದುಕ. ಮತ್ತೆ ಅವ್ವ.

ಅದೇ ಫೋಟೊ. ಸೆರಗು, ಹಣೆ, ಕುಂಕುಮ, ಎರಡು ಕಣ್ಣು, ಮೂಗಿನ ಅರ್ಧ. ಅಲ್ಲಿಂದ ಕೆಳಗೆ ಗುಲಾಬಿ, ಹಸಿರು ಪಟ್ಟೆಗಳು. ಅದರ ಕೆಳಗೆ ಬೂದು. ಕಣ್ಣು ಕಿರಿದಾಗಿದ್ದವು, ತುದಿಯಲ್ಲಿ ಗೆರೆ ಬಿದ್ದಿದ್ದವು. ನಕ್ಕರೂ ಹಾಗೇ ಆಗುತ್ತದೆ. ಕೆಮ್ಮಿದರೂ ಹಾಗೇ.

ಕೆಳಗಿನದನ್ನು ಹೇಗಾದರೂ ತರಲಾಗದೇ ಎಂದು ಕೇಳಿದೆ. ಆ ಜಾಗದಲ್ಲಿ ಈಗ ಬೇರೆಯದು ಬಂದು ಕೂತಿದೆ, ಒಳಗಿನ ದತ್ತಾಂಶ ವಿಡಿಯೊದಂತೆ ಕಾಣುತ್ತದೆ, ಫೋಟೊ ತೋರಿಸುವ ತಂತ್ರಾಂಶ ಅದನ್ನೂ ಫೋಟೊ ಎಂದುಕೊಂಡು ಓದಲು ಹೋಗಿ ಪಟ್ಟೆ ಬಿಡಿಸಿದೆ ಎಂದರು. ಆಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಕ್ಯಾಮೆರಾ ಪ್ರತಿ ಕಡತದ ಶುರುವಿನಲ್ಲೇ ಪೂರ್ತಿ ಚಿತ್ರದ ಒಂದು ಪುಟ್ಟ ಪ್ರತಿ ಇಟ್ಟಿರುತ್ತದೆ. ಶುರು ಉಳಿದಿರುವುದರಿಂದ ಅದೂ ಉಳಿದಿರಬೇಕು. ತೆಗೆದರು. ಅಂಚೆಚೀಟಿಯಷ್ಟು ಅವ್ವ. ಮೊರ ಇತ್ತು. ಬಾಯಿಯ ಮುಂದೆ ಕೈ ಇತ್ತು. ದೊಡ್ಡದು ಮಾಡಿದರೆ ಚೌಕ ಚೌಕ ಬಣ್ಣ. ನಾನು ಹುಡುಕುತ್ತಿದ್ದ ಬಾಯಿ ಆ ಕೈಯ ಹಿಂದಿತ್ತು. ಆದರೂ ದೊಡ್ಡ ಚಿತ್ರವಿದ್ದಿದ್ದರೆ ಕೆನ್ನೆ ಕಾಣುತ್ತಿತ್ತು, ಕತ್ತಿನ ನರ ಕಾಣುತ್ತಿತ್ತು, ಅಷ್ಟರಿಂದ ನನಗೆ ತಿಳಿಯುತ್ತಿತ್ತು ಎಂದು ಮೇಡಮ್ಮರ ಜೊತೆ ವಾದ ಮಾಡಿದೆ. ಅವರು ಡಿಸ್ಕಿನ ವಿವರ ತೆರೆದು ನೋಡಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

“ನಿಮ್ಮ ಡಿಸ್ಕ್ ಮೊದಲ ಯಾವ ನಮೂನಿ ಇತ್ರಿ? ಈಗ ಇದು ಎನ್‌ಟಿಎಫ್‌ಎಸ್ ಐತಿ, ಹೊಸಾ ನಮೂನಿ.”

ನನಗೆ ಗೊತ್ತಿರಲಿಲ್ಲ. ಒಮ್ಮೆ ದೊಡ್ಡ ಸಿನಿಮಾ ಒಂದನ್ನು ಹಾಕಲು ಹೋದಾಗ, ಜಾಗ ಬೇಕಾದಷ್ಟಿದ್ದರೂ ಒಳಗೆ ತೆಗೆದುಕೊಳ್ಳಲಿಲ್ಲ ಎಂದೆ. ಹಾಗಾದರೆ ಅದು ಹಳೆಯ ನಮೂನೆಯದು, ನಾಲ್ಕು ಜಿಬಿಗಿಂತ ದೊಡ್ಡ ಒಂದೇ ಕಡತವನ್ನು ಅದು ಒಲ್ಲೆ ಎನ್ನುತ್ತದೆ ಎಂದರು. ಮದುವೆಯ ಒಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರೆ ಅದರ ಮೂರು ಪಟ್ಟು ಆಗುತ್ತದೆ. ಯಾರೋ ಇದಕ್ಕೆ ಮದುವೆ ತುಂಬಲು ಹೋಗಿದ್ದಾರೆ, ಅದು ಒಲ್ಲೆ ಎಂದಿದೆ, ಫಾರ್ಮ್ಯಾಟ್ ಮಾಡಿ, ಎಂದರೆ ಇದ್ದದ್ದನ್ನೆಲ್ಲ ಅಳಿಸಿ, ಹೊಸ ನಮೂನೆಗೆ ತಂದಿದ್ದಾರೆ. ಹೊಸ ನಮೂನೆ ತನ್ನ ಸಾಮಾನನ್ನು ಡಿಸ್ಕಿನ ನಡುನಡುವೆಯೂ ಇಡುತ್ತದೆ. ಅದಕ್ಕೇ ಹಳೆಯ ಫೋಟೊಗಳ ತಲೆ ಉಳಿದು ಕೆಳಗಿನದು ಹೋಗಿದೆ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ ಖಾಲಿ ಕೊಟ್ಟಿದ್ದಾರೆ. ಇದು ಅವರ ಊಹೆ. ದೊಡ್ಡ ಸಲಕರಣೆ ಇರುವ ಕಡೆ ಹೆಸರಿನ ಚೂರುಗಳು ಇನ್ನೂ ಸಿಗುತ್ತಿದ್ದವೇನೋ, ನಮ್ಮ ಬಳಿ ಇದ್ದದ್ದು ಇಷ್ಟು.

“ಅಳಿಸದನ ನಮೂನಿ ಬದಲಾಯಿಸ್ಲಾಕ ಬರ್ತಿತ್ರಿ” ಎಂದರು ಕೊನೆಗೆ. “ಒಂದ ಸಾಲಿನ ಆಜ್ಞಾ. ಮಂದಿ ಯಾರೂ ಓದೂದಿಲ್ಲ.”

ಎದ್ದು ಹೋಗುವಾಗ ಕೇಸರಿ ಪೇಟದ ಮುದುಕನ ಚಿತ್ರದ ಮುಂದೆ ನಿಂತು, ಇವರು ನಮ್ಮ ಕಡೆಯ ಐನಾಪುರದವರು, ಸಂತೆಯಲ್ಲಿ ಎಮ್ಮೆ ವ್ಯಾಪಾರಕ್ಕೆ ಬರುತ್ತಾರೆ, ನಮ್ಮಪ್ಪನಿಗೆ ಗುರುತು ಎಂದರು. ನಾನು ಅದನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಗೆಳೆಯನ ಸ್ಟುಡಿಯೊಗೆ ಸಂಜೆ ಹೋದೆ. ಪಾಸ್‌ಪೋರ್ಟ್ ಅಳತೆಯ ಫೋಟೊಗಳನ್ನು ಕತ್ತರಿಸುತ್ತ ಕೂತಿದ್ದ. ಅವ್ವನ ಅರ್ಧ ಮುಖವನ್ನೂ ಅದರ ಹತ್ತಿರದ ಅಂಕಿಯ ಅರಿಷಿಣದ ಹುಡುಗಿಯನ್ನೂ ಮುದ್ರಿಸಿಕೊಂಡು ಒಯ್ದಿದ್ದೆ. ಕೌಂಟರಿನ ಕಲ್ಲಿನ ಮೇಲೆ ಎರಡನ್ನೂ ಇಟ್ಟೆ. ಅವನು ಅವ್ವನದನ್ನು ನೋಡಲಿಲ್ಲ. ಹುಡುಗಿಯದನ್ನು ಎತ್ತಿ ಬೆಳಕಿಗೆ ಹಿಡಿದ.

“ಇದು ಹಳೇದಲೇ. ನಿನಗ ಮಾರೂಕಿಂತ ಮೊದಲಿಂದು. ಡಿಸ್ಕ್ ನಂದ ಇತ್ತಲ್ಲ, ನಾ ತಗದ ಲಗ್ನದ ಫೋಟೊ ಅದರಾಗ ಇರಾಂಗಿಲ್ಲನ?”

ನಾನು ಇದಕ್ಕೆ ತಯಾರಿರಲಿಲ್ಲ. ಡಿಸ್ಕು ಅವನದೇ ಆಗಿತ್ತು. ಕೆತ್ತಿ ತೆಗೆದ ಅಂಕಿಗಳು ಜಾಗ ಹೇಳುತ್ತವೆ, ಕಾಲ ಹೇಳುವುದಿಲ್ಲ. ಎರಡು ಚಿತ್ರಗಳು ಅಕ್ಕಪಕ್ಕ ಸಿಕ್ಕವೆಂದರೆ ಅಕ್ಕಪಕ್ಕ ಬಿದ್ದಿದ್ದವು ಎಂದಷ್ಟೇ ಅರ್ಥ. ಯಾವುದು ಮೊದಲು ಎಂದಲ್ಲ. ಆದರೂ ಫೋಟೊದ ಒಳಗೆ ಕ್ಯಾಮೆರಾ ಬರೆದಿಟ್ಟ ತಾರೀಖು ಉಳಿದಿರುತ್ತದೆ, ಈ ಹುಡುಗಿಯದರಲ್ಲಿ ಅವ್ವ ಸತ್ತ ಮೇಲಿನ ತಾರೀಖಿದೆ ಎಂದೆ.

“ಕ್ಯಾಮೆರಾದ ತಾರೀಖ ನಂಬ್ತಿ, ನನ್ನ ನಂಬೂದಿಲ್ಲ. ಬ್ಯಾಟರಿ ತಗದ್ರ ಸಾಕು, ಎಲ್ಲ ತಪ್ಪತೈತಿ ಅದು. ಒಮ್ಮಿ ಅಥಣಿ ಲಗ್ನದ ಫೋಟೊ ಮುಂದಿನ ವರ್ಷದ್ದು ಅಂತ ಬಂದಾವ, ಕೇಳ ಬೇಕಾರ.”

ಇದೂ ಸುಳ್ಳಲ್ಲ. ನನ್ನ ಕ್ಯಾಮೆರಾವೂ ಹಾಗೇ ಮಾಡುತ್ತಿತ್ತು. ಮೇಡಮ್ಮರ ಊಹೆಯನ್ನು ಹೇಳಿದರೆ, ಆ ದೊಡ್ಡ ಸಿನಿಮಾ ಒಳಗೆ ಹೋಗಲಿಲ್ಲ ಎಂಬುದಕ್ಕೆ ನನ್ನ ನೆನಪು ಬಿಟ್ಟರೆ ಏನಿದೆ ಎಂದು ಕೇಳಿದ. ಅದೂ ನಿಜ. ನಾನು ವರ್ಷಗಟ್ಟಲೆ ತರಗತಿಯಲ್ಲಿ ಹುಡುಗರಿಗೆ ಹೇಳುತ್ತಿದ್ದುದನ್ನೇ ಅವನು ಫೋಟೊ ಕತ್ತರಿಸುತ್ತ ನನಗೆ ಹೇಳಿದ.

“ನಿಮ್ಮವ್ವನ ಕೈಯಾಗ ಉಂಡಾಂವ ನಾ” ಎಂದ ಆಮೇಲೆ, ತಲೆ ಎತ್ತದೆ. “ಆಕಿನ್ನ ಅಳಸ್ತೀನೇನಲೇ?”

ಆ ಮಾತಿಗೆ ನಾನು ಸೋತೆ. ಸೋತದ್ದಷ್ಟೇ ಅಲ್ಲ, ಮನೆಗೆ ಬಂದ ಮೇಲೆ ನನ್ನ ಎಲ್ಲ ನೆನಪುಗಳನ್ನೂ ಅನುಮಾನಿಸಲು ಶುರು ಮಾಡಿದೆ. ಡಿಸ್ಕು ಕೊಟ್ಟದ್ದು ಕಾರ್ಯದ ನಂತರವೇ, ಮೊದಲೇ? ಕೊಂಡಾಗ ಅದರಲ್ಲಿ ಏನಾದರೂ ಇತ್ತೇ? ತಾಟಿನಲ್ಲಿ ದೊಡ್ಡ ತುಂಡು ಅವನಿಗೆ ಬೀಳುತ್ತಿತ್ತೆಂಬುದು ನಿಜವೋ, ಈಗಿನ ಸಿಟ್ಟು ಹಿಂದಕ್ಕೆ ಹೋಗಿ ರೊಟ್ಟಿ ಅಳೆಯುತ್ತಿದೆಯೋ? ಗುಮಾಸ್ತನಿಲ್ಲದ ವಖಾರಿ ನನ್ನ ತಲೆಯೂ ಆಗಿತ್ತು. ಶುರುವಿನ ಗುರುತು ಸಿಗುತ್ತಿತ್ತು. ಅದರ ಪಕ್ಕದ್ದು ಅದರದೇ ಎಂದು ಹೇಳುವವರಿರಲಿಲ್ಲ.

ಅವನ ಜೊತೆ ಮಾತು ಬಿಡಲಿಲ್ಲ. ಎದುರಾದಾಗ ಚಹಾ ಕುಡಿಯುತ್ತಿದ್ದೆವು. ಅವ್ವನ ಮತದಾರರ ಚೀಟಿಯ ಫೋಟೊವನ್ನು ಅವನೇ ದೊಡ್ಡದು ಮಾಡಿ, ಬೂದು ಸೀರೆಗೆ ಹಸಿರು ಬಣ್ಣ ತುಂಬಿ, ಚೌಕಟ್ಟು ಹಾಕಿಸಿ ತಂದುಕೊಟ್ಟ. ಅಕ್ಕ ಅದಕ್ಕೆ ಹಾರ ಹಾಕಿದಳು. ಗೋಡೆಯ ಮೇಲಿನ ಆ ಹೆಂಗಸು ಯಾರನ್ನೋ ನೋಡಿ ಹೆದರಿದಂತಿದ್ದಾಳೆ. ನನಗೆ ಅವಳ ಪರಿಚಯವಿಲ್ಲ. ಅಕ್ಕನಿಗೆ ಹೀಗೆಂದರೆ ಸಿಟ್ಟು.

“ಆಂವಾ ಇಷ್ಟರೆ ಮಾಡ್ಯಾನ. ನೀ ಏನ ಮಾಡಿದಿ ತಮ್ಮಾ, ಅಂಕಿ ಎಣಿಸಿದಿ.”

ವರ್ಷಗಳು ಹೋದವು. ಸ್ಟುಡಿಯೊ ದೊಡ್ಡದಾಯಿತು, ಕ್ಯಾಸೆಟ್ಟುಗಳು ಹೋಗಿ ಕಾರ್ಡುಗಳು ಬಂದವು, ಮೇಡಮ್ ಮದುವೆಯಾಗಿ ಬೇರೆ ಊರಿಗೆ ಹೋದರು. ನಾನು ಇನ್ನೂ ಅತಿಥಿಯೇ ಆಗಿದ್ದೆ. ಸ್ಕ್ಯಾನಿನಲ್ಲಿ ಸಿಕ್ಕಿದ್ದನ್ನು ಹಾಕಿದ್ದ ಡಿಸ್ಕನ್ನು ಒಮ್ಮೊಮ್ಮೆ ತೆಗೆದು ಅವ್ವನ ಚೂರುಗಳಿಗೆ ಮತ್ತೆ ಹೆಸರಿಡಲು ಕೂರುತ್ತಿದ್ದೆ. ಪ್ರತಿ ಸಲವೂ ಮದುವೆಯ ಜನ ನಡುವೆ ಬರುತ್ತಿದ್ದರು. ಅವರೂ ನನ್ನ ಬಂಧುಗಳಷ್ಟೇ ಪರಿಚಿತರಾಗಿಬಿಟ್ಟಿದ್ದರು. ಆ ಕೇಸರಿ ಪೇಟದ ಮುದುಕ ನನ್ನ ಸೋದರಮಾವನಿಗಿಂತ ಹೆಚ್ಚು ಸಲ ನನ್ನ ಮನೆಯಲ್ಲಿ ಕಾಣಿಸಿಕೊಂಡಿದ್ದಾನೆ.

ಕೊನೆಗೆ ಒಂದು ರಜೆಯ ದಿನ ಐನಾಪುರಕ್ಕೆ ಹೋದೆ. ಅಲ್ಲಿ ನನಗೆ ಕೆಲಸವಿರಲಿಲ್ಲ, ಹುಟ್ಟಿಸಿಕೊಂಡೆ: ನಿಮ್ಮ ಮದುವೆಯ ಕೆಲವು ಫೋಟೊ ನನ್ನ ಹತ್ತಿರ ಬಂದಿವೆ, ಕೊಟ್ಟು ಹೋಗೋಣವೆಂದು ಬಂದೆ. ಎಮ್ಮೆ ವ್ಯಾಪಾರದ ಅಜ್ಜನ ಮನೆ ಎಂದರೆ ಸಂತೆಯ ಹತ್ತಿರ ಯಾರು ಬೇಕಾದರೂ ತೋರಿಸುತ್ತಿದ್ದರು. ಅಜ್ಜ ಹೋಗಿ ಎರಡು ವರ್ಷವಾಗಿತ್ತು. ಅರಿಷಿಣದ ಹುಡುಗಿ ಅವನ ಸೊಸೆ, ಅಂಗಳದಲ್ಲಿ ಎಮ್ಮೆಗೆ ಹಿಂಡಿ ಕಲೆಸುತ್ತಿದ್ದಳು. ಕೈ ಒರೆಸಿಕೊಂಡು ಬಂದು ಫೋಟೊಗಳನ್ನು ನೋಡಿದಳು. ಕೆಲವು ಪೂರ್ತಿ ಇದ್ದವು, ಕೆಲವು ಅರ್ಧ ಬೂದು.

“ಅಯ್ಯ, ಮಾವಾರು ನೋಡ್ರಿ” ಎಂದು ಅತ್ತೆಯನ್ನು ಕರೆದಳು. ಅಜ್ಜ ಪೇಟ ಸುತ್ತಿಸಿಕೊಳ್ಳುತ್ತಿರುವ ಫೋಟೊ ಅವರ ಆಲ್ಬಮ್ಮಿನಲ್ಲಿ ಇರಲಿಲ್ಲವಂತೆ. ಅತ್ತೆ ಅದನ್ನು ಬಹಳ ಹೊತ್ತು ಹಿಡಿದು ನೋಡಿದಳು. ಕೆಳಗಿನ ಅರ್ಧ ಎಲ್ಲಿ ಹೋಯಿತು ಎಂದು ಕೇಳಿದಳು. ಡಿಸ್ಕು ಕೆಟ್ಟಿತ್ತು ಎಂದೆ. ಯಾರಿಂದ ಎಂದು ಹೇಳಲಿಲ್ಲ.

ಮದುವೆ ಯಾವಾಗ ಆಯಿತು ಎಂದು ಕೇಳಿದೆ. ಸೊಸೆ ದೊಡ್ಡ ಮಗನ ವಯಸ್ಸಿನಿಂದ ಹಿಂದಕ್ಕೆ ಎಣಿಸತೊಡಗಿದಳು. ಅತ್ತೆ ಅದು ಆ ವರ್ಷವಲ್ಲ, ಕೃಷ್ಣಾ ನದಿಗೆ ಮಹಾಪೂರ ಬಂದ ಮರುವರ್ಷ ಎಂದಳು. ಇಬ್ಬರೂ ವಾದಕ್ಕೆ ನಿಂತರು. ನನಗೆ ನಗು ಬಂತು. ಸಾಕ್ಷಿ ಕೇಳಲು ಇಷ್ಟು ದೂರ ಬಂದಿದ್ದೆ. ಬಾಯಾರಿದೆ ಎಂದೆ. ಅತ್ತೆ ಒಳಗಿಂದ ತುಂಬಿದ ಸ್ಟೀಲಿನ ಕೊಡವನ್ನೇ ತಂದು ಕಟ್ಟೆಯ ಮೇಲಿಟ್ಟು ತಂಬಿಗೆ ಅದ್ದಿದಳು.

ನಮ್ಮ ಕಡೆ ಮದುವೆಗೆ ಉಡುಗೊರೆ ಕೊಡುವ ಪಾತ್ರೆಯ ಮೇಲೆ ಅಂಗಡಿಯಲ್ಲೇ ಹೆಸರು ಕೊರೆಸುತ್ತಾರೆ. ಯಾರಿಂದ, ಯಾರಿಗೆ, ಕೆಳಗೆ ಮದುವೆಯ ತಾರೀಖು. ಅದನ್ನು ಅಕ್ಷತೆಗೆ ಮೊದಲೇ ಕೊರೆಸಿರುತ್ತಾರೆ, ಯಾವ ಬ್ಯಾಟರಿ ತೆಗೆದರೂ ತಪ್ಪುವುದಿಲ್ಲ. ಕೊಡದ ಕಂಠದ ಕೆಳಗೆ ಚುಕ್ಕೆಚುಕ್ಕೆಯ ಅಕ್ಷರಗಳಿದ್ದವು, ತಿಕ್ಕಿ ತಿಕ್ಕಿ ಅರ್ಧ ಸವೆದಿದ್ದವು. ಸೊಸೆಯ ತವರಿನ ಚಿಕ್ಕಪ್ಪ ಕೊಟ್ಟದ್ದಂತೆ. ಕೊಡವನ್ನು ತುಸು ಬಿಸಿಲಿಗೆ ಹೊರಳಿಸಿ ಎಂದು ಕೇಳಿದೆ. ಈ ಮಾಸ್ತರನಿಗೆ ಏನಾಗಿದೆ ಎಂಬಂತೆ ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು, ಆದರೂ ಹೊರಳಿಸಿದರು.

ಅವ್ವ ನಕ್ಕಳೋ ಕೆಮ್ಮಿದಳೋ ನನಗೆ ಇವತ್ತಿಗೂ ತಿಳಿಯದು. ಕೊಡದ ಮೇಲಿನ ತಾರೀಖು ಮಾತ್ರ ಸವೆದಿರಲಿಲ್ಲ. ಮನೆಗೆ ಬಂದು ಅವ್ವನ ಮರಣ ಪ್ರಮಾಣಪತ್ರದ ಜೊತೆ ಹಿಡಿದು ನೋಡಿದೆ. ಆ ಮದುವೆ ನಡೆದದ್ದು ಅವ್ವ ತೀರಿಕೊಂಡ ಮರುತಿಂಗಳು, ಡಿಸ್ಕು ಗೆಳೆಯನ ಸ್ಟುಡಿಯೊದಲ್ಲಿದ್ದಾಗ.